ಎಂಟು ಗಂಟೆಯ ಎರಡು ಮಾತ್ರೆ

ಬೆಳಗಿನ ಮಾತ್ರೆಗಳನ್ನು ಹಿಡಿದು ನಿಂತ ನರ್ಸ್‌ಗೆ ಅತ್ತ ದರಿ, ಇತ್ತ ಪುಲಿ. ಹೃದಯಾಘಾತವಾಗಿದ್ದ ಮೇಷ್ಟ್ರಿಗೆ ನಿನ್ನೆ ಮಾತ್ರೆ ತಡವಾಯಿತೆಂದು ಡಾಕ್ಟರು ಅವಳನ್ನು ಎಲ್ಲರೆದುರು ಬೈದಿದ್ದರು. ಇಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದರೆ ಬಡಿತ ನಲವತ್ತಾರು. ಬಿಪಿ ಎಂಬತ್ತಾರಕ್ಕೆ ಐವತ್ತು.

"ಕೊಟ್ಟುಬಿಡಮ್ಮ, ತಪ್ಪಿಸಬಾರದು ಅಂತ ನೀನೇ ಹೇಳಿದ್ದೆ," ಎಂದರು ಮೇಷ್ಟ್ರ ಹೆಂಡತಿ.

"ಹೌದಮ್ಮ. ಒಂದು ಮಾತ್ರೆ ಬಡಿತ ನಿಧಾನ ಮಾಡಿ ಹೃದಯದ ದುಡಿತ ಇಳಿಸುತ್ತೆ, ಇನ್ನೊಂದು ರಕ್ತನಾಳ ಸಡಿಲಿಸಿ ಹೊರೆ ಇಳಿಸುತ್ತೆ. ಆದ್ರೆ ಈಗ ಬಡಿತ, ಬಿಪಿ ಎರಡೂ ತೀರಾ ಇಳಿದಿವೆ."

ಪಕ್ಕದಲ್ಲಿದ್ದ ಹಿರಿಯ ನರ್ಸ್ ಚಾರ್ಟ್ ಮುಂದೆ ತಳ್ಳಿದಳು. "ಕೊಟ್ಟು ಸಹಿ ಹಾಕು. ಮತ್ತೆ ಬೈಸ್ಕೋಬೇಡ."

ಕೊಟ್ಟರೆ ಮೇಷ್ಟ್ರ ಜೀವಕ್ಕೆ ಕುತ್ತು, ಬಿಟ್ಟರೆ ತನ್ನ ಕೆಲಸಕ್ಕೆ. ಕೊನೆಗೆ ಅವಳು ಡಾಕ್ಟರಿಗೆ ಫೋನ್ ಮಾಡಿ ಅಂಕಿಗಳನ್ನು ಹೇಳಿದಳು. ಆ ಕಡೆಯಿಂದ ಡಾಕ್ಟರು ಹೇಳಿದರು:

"ಎರಡೂ ಬೇಡ. ಇಸಿಜಿ ತೆಗಿ, ರಕ್ತದಲ್ಲಿ ಪೊಟ್ಯಾಸಿಯಂ ನೋಡಿಸು. ಬರ್ತಿದೀನಿ."

ಇಸಿಜಿಯಲ್ಲಿ ಬಡಿತದ ಸಂಕೇತಕ್ಕೇ ತಡೆ, ಅಂದರೆ ಹಾರ್ಟ್ ಬ್ಲಾಕ್ ಕಂಡಿತು; ಎರಡನೇ ಮಾತ್ರೆ ಏರಿಸಬಲ್ಲ ಪೊಟ್ಯಾಸಿಯಮ್ಮೂ ಏರಿತ್ತು. ಮೇಷ್ಟ್ರು ಉಳಿದರು. ಆದರೆ ಹಿರಿಯ ನರ್ಸ್ ಆ ದಿನವಿಡೀ ಅವಳ ಮುಖ ನೋಡಲಿಲ್ಲ. ನಾಳೆಯೂ ಅವರಿಬ್ಬರದೇ ಪಾಳಿ.