ಲೋಸೆ ತಿಂದಳೆಂಬ ಹಂದಿಮರಿ

ಕ್ಯಾನ್ಸರಿನಿಂದ ಲೋಸೆಯ ಹೊಟ್ಟೆಯಲ್ಲಿ ತುಂಬಿದ್ದ ನೀರನ್ನು ನಿನ್ನೆ ನಳಿಕೆ ಹಾಕಿ ತೆಗೆದಾಗ ಸಿಡ್ನಿ ಬಂದರಿನ ಹಡಗುಗಳೆಲ್ಲ ಒಂದಡಿ ಮೇಲೆದ್ದವೆಂದು ಅವಳ ಗಂಡ ಫೋತು ಚರ್ಚಿನಲ್ಲಿ ಸಾರಿದ. ಹೊಟ್ಟೆ ಹಗುರಾದದ್ದೇ ತಡ, ಹೆಂಡತಿ ಇಡೀ ಹಂದಿಮರಿಯನ್ನು ಮುಗಿಸಿದಳೆಂದೂ ಸೇರಿಸಿದ. ಚರ್ಚಿನ ಹೆಂಗಸರು ಸುಮ್ಮನಿರುವವರೇ? ಕ್ಯಾನ್ಸರನ್ನು ತಟ್ಟೆಯಿಂದ ಬಡಿದೋಡಿಸುವ ಈ ಶೂರರು ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸವನ್ನು ಹೊತ್ತುತಂದು ಮನೆ ತುಂಬಿಸಿದರು. ತಂದದ್ದನ್ನು ಬೇಡವೆನ್ನುವುದು ಟೋಂಗಾ ದ್ವೀಪದಿಂದ ಬಂದ ಇವರಲ್ಲಿ ಮಹಾ ಅವಮಾನ.

ಮನೆಗೆ ಬಂದ ನರ್ಸ್ ಅನಾಸೇನಿ ಫೋತುವನ್ನು ಕೇಳಿದಳು: "ಅಣ್ಣ, ಅಕ್ಕ ತಿಂದದ್ದು ಹೊಟ್ಟೇಲಿ ನಿಲ್ತಿದ್ಯಾ? ಗಾಳಿ ಹೋಗ್ತಿದ್ಯಾ?"

"ಬೇಲಿ ಹಾರಿಹೋಗೋ ಹಾಗೆ, ತಂಗಿ."

"ಸರಿಯಾಗಿ ಹೇಳು. ಕರುಳು ಸ್ವಲ್ಪ ತೆರೆದಿದ್ರೆ ಅದನ್ನ ನಡೆಸೋ ಔಷಧೀನ ಚರ್ಮದಡಿ ಹನಿಸೋ ಪಂಪಿಗೆ ಹಾಕು ಅಂದಿದಾರೆ ಡಾಕ್ಟ್ರು. ಪೂರ್ತಿ ಕಟ್ಕೊಂಡಿದ್ರೆ ಅದೇ ಔಷಧಿ ಅಕ್ಕನ ಹೊಟ್ಟೇನ ಹಿಂಡಿಬಿಡುತ್ತೆ. ಆಗ ಬೇರೆ ಹಾಕ್ಬೇಕು, ಕರುಳಲ್ಲಿ ನೀರು ಊರೋದನ್ನ ಕಮ್ಮಿ ಮಾಡಿ ವಾಂತಿ ತಡೆಯೋದು."

ಲೋಸೆ ಕಣ್ಣು ತೆರೆದಳು. "ಬೊಗಳೆದಾಸ, ಅಂಗಿ ಎತ್ತಿ ತೋರ್ಸು. ಹಂದಿ ಯಾರ ಹೊಟ್ಟೇಲಿದೆ ಅಂತ ಅವಳೇ ನೋಡ್ಲಿ."

ಫೋತು ಹಾಸಿಗೆಯ ಅಂಚಿಗೆ ಕುಸಿದ. "ಎಲ್ಲಾ ನಾನೇ ತಿಂದೆ. ಇವಳು ಐಸ್ ಚೂರು ಚೀಪ್ತಾಳೆ, ಅಷ್ಟೆ. ನುಂಗಿದ್ದೆಲ್ಲ ಹಸಿರಾಗಿ ವಾಪಸ್ ಬರುತ್ತೆ. ಗಾಳೀನೂ ಹೋಗಿಲ್ಲ. ತಿಂತಿಲ್ಲ ಅಂತ ನನ್ನ ಬಾಯಲ್ಲಿ ಹೇಳಿದ್ರೆ, ಇವಳನ್ನ ನಾನೇ ಕಳಿಸಿಕೊಟ್ಟ ಹಾಗಾಗುತ್ತೆ ಅಂತ ಹೆದ್ರಿದೆ."