ಮೊದಲ ಲೋಡಿನ ಮಾವಿನೆಲೆ

ಚನ್ನರಾಯಪಟ್ಟಣದ ದೇವರಾಜ್ ಮೊದಲ ಬಾರಿಗೆ ದುಬೈಗೆ ಹಡಗಿನಲ್ಲಿ ತೆಂಗಿನಕಾಯಿ ಕಳಿಸುವವರಿದ್ದರು. "ಮೊದ್ಲು ಅಡಗಲ್ಲಿ ಜಾಗ ಬುಕ್ ಮಾಡ್ಬುಡಿ ಮೇಡಂ, ಕಾಗದ ಆಮ್ಯಾಕೆ ಬತ್ತದೆ," ಎಂದು ಹಾಸನದ ನಮ್ಮ ರಫ್ತು ಏಜೆನ್ಸಿಗೆ ಮೂರು ಸಲ ಫೋನ್ ಮಾಡಿದರು.

ನಾನು ಒಪ್ಪಲಿಲ್ಲ. ಕಾಯಿಗೆ ಹುಳು, ರೋಗ ಇಲ್ಲವೆನ್ನುವ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿಯದೇ ಬೆಳೆ ಎನ್ನುವ ಮೂಲ ಪತ್ರ ಎರಡೂ ಕೈಗೆ ಬರಲಿ ಎಂದೆ. ಅವಿಲ್ಲದಿದ್ದರೆ ಸರಕು ದುಬೈ ಬಂದರಿನಿಂದಲೇ ವಾಪಸ್ಸಾಗಬಹುದು.

"ನಮ್ ತ್ವಾಟದ್ ಕಾಯ್ಗೆ ಏನ್ ರೋಗ? ನಿಮ್ಗೇ ಭಯದ್ ರೋಗ!" ಎಂದು ನಕ್ಕರು. ಅದು ಸುಳ್ಳೇನಲ್ಲ.

ಗುರುವಾರ ಸಸ್ಯ ತಪಾಸಣೆಯ ಅಧಿಕಾರಿ ಅವರ ಗೋದಾಮಿಗೆ ಬಂದರು, ನಾನೂ ಹೋದೆ. ಮೊದಲ ಚೀಲ ಬಿಚ್ಚಿದರೆ ಕಾಯಿಗಳ ಮೇಲೆ ಮಾವಿನೆಲೆ, ಒಂದು ಹಿಡಿ ಭತ್ತ!

"ಪ್ರಮಾಣಪತ್ರ ತೆಂಗಿನಕಾಯಿಗೆ ಮಾತ್ರ. ಇವು ಇದ್ದರೆ ಕೊಡೋಕಾಗಲ್ಲ," ಎಂದರು ಅಧಿಕಾರಿ.

ದೇವರಾಜ್ ತಾಯಿಯತ್ತ ತಿರುಗಿದರು. "ಏನವ್ವಾ ಇದು?"

"ಮೊದಲ್ನೇ ಲೋಡು ಬರಿಗೈಲಿ ಓದಾತೇನ್ಲಾ? ಎಲ್ಲಾ ಚೀಲಕ್ಕೂ ಆಕಿವ್ನಿ ಕಣ!" ಎಂದರು ಪುಟ್ಟತಾಯಮ್ಮ.

ಮನೆಮಂದಿಯೆಲ್ಲ ಕೂತು ಸಂಜೆಯವರೆಗೆ ಚೀಲ ಬಿಚ್ಚಿ ಕೊಡವಿದರು. ಮರುದಿನ ಅಧಿಕಾರಿ ಮತ್ತೆ ನೋಡಿ ಸರಿಯೆಂದು ತಲೆಯಾಡಿಸಿದರು.

ಸೋಮವಾರ ಎರಡೂ ಪತ್ರ ಬಂದವು. ಹೆಸರು, ತೂಕ, ಚೀಲದ ಲೆಕ್ಕ ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡಿ ಹಡಗಿನಲ್ಲಿ ಜಾಗ ಬುಕ್ ಮಾಡಿದೆ.

"ಎಲೆ ಏನಾಯ್ತು?" ಎಂದು ಫೋನಿನಲ್ಲಿ ಕೇಳಿದೆ.

"ಅವ್ವ ಲಾರಿ ಮುಂದ್ಕೆ ಕಟ್ಟವ್ಳೆ ಮೇಡಂ. ಬಂದರು ಗೇಟಲ್ಲಿ ಬಿಚ್ಚುಸ್ತೀನಿ, ನೀವು ಎದ್ರುಕೋಬ್ಯಾಡಿ!"