ದೆಲ್ಫಿನಾಳ ಸೂರ್ಯ

ರೊಸಾರಿಯೊ ನಗರದ ಅಂಚೆಚೀಟಿ ಸಂಘದ ಕೋಣೆಯಲ್ಲಿ ಎವರಿಸ್ತೊ ಶಿಲುಬೆಯ ಗುರುತು ಮಾಡಿಕೊಂಡು ಕುಳಿತ. ಹೆಂಡತಿ ದೆಲ್ಫಿನಾ ತೀರಿಕೊಂಡ ಮೇಲೆ ಇಂದೇ ಮೊದಲು ಅವಳು ಕಂಡುಹಿಡಿದಿದ್ದ ಅಪರೂಪದ ಅಂಚೆಚೀಟಿಯನ್ನು ಮುಟ್ಟುತ್ತಿದ್ದ. ಭಾನುವಾರದ ಪ್ರದರ್ಶನದಲ್ಲಿ ಸಂಘದವರು ಅದನ್ನು ಅವಳ ಹೆಸರಿನಲ್ಲಿ ತೂಗುಹಾಕುವವರಿದ್ದರು. ಪರೀಕ್ಷಕನಾಗಿ ಅವನು ‘ಸಾಚಾ’ ಎನ್ನಬೇಕಿತ್ತು.

"ಬೇಗ ಮುಗಿಸೋ ಮಾರಾಯ, ಮಾತೆ ಚಹಾ ಆರಿಹೋಗ್ತಿದೆ," ಎಂದ ಗೆಳೆಯ ಅನ್ಸೆಲ್ಮೊ, ಚಹಾ ತುಂಬಿದ ಸೋರೆಬುರುಡೆಯನ್ನು ಮುಂದೆ ತಳ್ಳುತ್ತ. "ನಿನ್ನ ಹೆಂಡತಿ ಕಣ್ಣಿನ ಮೇಲೆ ನಿಂಗೇ ಅನುಮಾನವೇ?"

ಎವರಿಸ್ತೊ ಭೂತಗನ್ನಡಿ ಹಿಡಿದ. ಶಾಯಿ ಸಮತಟ್ಟು, ಗೆರೆಗಳ ಅಂಚಿನಲ್ಲಿ ಶಾಯಿ ಒತ್ತಿ ಉಬ್ಬಿರಲಿಲ್ಲ. ಅಂದರೆ ಹಳೆಯ ಅಚ್ಚಿನದಲ್ಲ, ನಂತರ ಬಂದ ಸಪಾಟು ಮುದ್ರಣ, ಆಫ್‌ಸೆಟ್. ಅಂಚಿನ ತೂತುಗಳನ್ನು ಅಳತೆಪಟ್ಟಿಯ ಮೇಲಿಟ್ಟ. ಅವೂ ನಂತರದ ಮುದ್ರಣಕ್ಕೇ ಸರಿಹೊಂದಿದವು. ಆ ಮುದ್ರಣದ ಕಾಗದದೊಳಗೆ ಅಡಗಿರುವ ನೀರುಗುರುತಿನ ಸೂರ್ಯನಿಗೆ ನೇರ ಕಿರಣಗಳಿರಬೇಕು. ದೆಲ್ಫಿನಾ ಕಂಡದ್ದು ಹಳೆಯ ಕಾಗದದ ಬಾಗುಕಿರಣಗಳನ್ನು. ಹಾಗಿದ್ದರೆ ಹಳೆಯ ಕಾಗದದ ಮೇಲೆ ಹೊಸ ಮುದ್ರಣ, ಯಾರೂ ಕಾಣದ ಚೀಟಿ ಅದು. ಅವಳ ಹೆಮ್ಮೆಯೆಲ್ಲ ಅದೇ.

ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಬೋರಲು ಹಾಕಿ, ನೀರುಗುರುತು ಕಾಣಲೆಂದು ಬೆಂಜೀನ್ ಸುರಿದ. ಬಾಗುಕಿರಣದ ಸೂರ್ಯ ಮೂಡಿತು. ಅದರಡಿ ಇನ್ನೊಂದು ಮಸುಕು ಗೆರೆಸಾಲು, ನೇರವಾದದ್ದು.

ಬೆಂಜೀನ್ ಆರಿತು. ಗುರುತು ಆರಲಿಲ್ಲ.

"ಇನ್ನೂ ಕಾಣ್ತಿದೆಯಲ್ಲೋ," ಅನ್ಸೆಲ್ಮೊನ ದನಿ ಇಳಿಯಿತು. "ಒಣಗಿದ ಮೇಲೆ ಮಾಯವಾಗ್ಬೇಕಲ್ವಾ?"

"ಆಗ್ಬೇಕು."

ಒಣಗಿದ ಚೀಟಿಯಲ್ಲಿ ಸೂರ್ಯ ಇನ್ನಷ್ಟು ಕಪ್ಪಾಯಿತು, ಒಳಗಿನಿಂದ ಯಾರೋ ಬೆರಳೊತ್ತಿದಂತೆ. ಕೋಣೆ ತಣ್ಣಗಾಯಿತು. ಎವರಿಸ್ತೊ ಚಿಮಟದಿಂದ ಚೀಟಿಯ ಅಂಚಿನ ಒಂದು ಹಲ್ಲನ್ನು ಓರೆಯಾಗಿ ಹಿಡಿದು ನೋಡಿದ. ಹಲ್ಲು ಎರಡು ಪದರ. ಯಾವನೋ ಹಳೆಯ ಹಾಳೆಯ ಖಾಲಿ ಅಂಚನ್ನು ತೆಳುವಾಗಿ ಕೆರೆದು ಚೀಟಿಯ ಬೆನ್ನಿಗೆ ಅಂಟಿಸಿದ್ದ. ದೆಲ್ಫಿನಾ ಎಂದೂ ಬೆಂಜೀನಿನಲ್ಲೇ ನೋಡಿದವಳು. ಬೆಂಜೀನ್ ಅಂಟನ್ನು ಬಿಡಿಸದು. ನೀರು ಬಿಡಿಸುತ್ತದೆ.

"ಬೇಡ ಕಣೋ," ಎಂದ ಅನ್ಸೆಲ್ಮೊ. "ಸತ್ತವಳ ಮಾತು ಉಳಿಸು. ಯಾರಿಗೆ ಗೊತ್ತಾಗುತ್ತೆ?"

"ದೇವರಿಗೆ ಗೊತ್ತು. ಅವಳಿಗೂ ಈಗ ಗೊತ್ತಾಗಿರಬೇಕು. ಅದಕ್ಕೇ ಗುರುತು ಆರೋಕೆ ಬಿಡ್ತಿಲ್ಲ."

ಎವರಿಸ್ತೊ ತಟ್ಟೆಗೆ ನೀರು ಸುರಿದು ಚೀಟಿಯನ್ನು ಅದರಲ್ಲಿ ಬಿಟ್ಟ. ಬಹಳ ಹೊತ್ತು ಏನೂ ಆಗಲಿಲ್ಲ. ನೀರಿನ ಮೇಲೆ, ಯಾರೂ ಊದದೆ, ಸಣ್ಣ ಅಲೆಯೊಂದು ಓಡಿತು. ಉಸಿರಿನಂತೆ ಹೋಗಿ ಬಂದು ನಿಂತಿತು. ಕಾಗದಗಳು ಬೇರೆಯಾದವು. ಚೀಟಿಯ ಬೆನ್ನಿನಲ್ಲಿ ನೇರ ಕಿರಣ, ಸಾಮಾನ್ಯ ಚೀಟಿ. ತೇಲುತ್ತಿದ್ದ ತೆಳು ತುಂಡಿನಲ್ಲಿ ಬಾಗುಕಿರಣ.

"ಮೋಸ ಹೋದೆ ಅಷ್ಟೇ, ಮೋಸ ಮಾಡ್ಲಿಲ್ಲ ನೀನು," ಎಂದು ಎವರಿಸ್ತೊ ತಟ್ಟೆಗೆ ಹೇಳಿದ. "ಹೋಗು ದೆಲ್ಫಿನಾ. ನಾನೇ ಹೇಳ್ತೀನಿ ಸಂಘದವರಿಗೆ."

ತೆಳು ತುಂಡನ್ನು ಎತ್ತಿ ಒಣಗಿಸಿದ. ಸೂರ್ಯ ನಿಧಾನವಾಗಿ, ಅಂಚಿನಿಂದ ನಡುವಿಗೆ, ಅಳಿಸಿಹೋಯಿತು. ಉಳಿದದ್ದು ಬರಿಯ ಬಿಳಿ ಕಾಗದ. ಅನ್ಸೆಲ್ಮೊ ಟೋಪಿ ತೆಗೆದು ಎದ್ದು ನಿಂತಿದ್ದ.